ಎ ಐಟಂ ಪ್ರತಿ ತಿಂಗಳು ಎಣಿಸ್ತಿದ್ದೀವಿ, ಆದರೂ ಹಿತ್ತಾಳೆ ರಾಡ್ ಕಡಿಮೆ ಬರ್ತಿದೆ. ವಾರಕ್ಕೊಮ್ಮೆ ಎಣಿಸಬೇಕಾ?

ಪೀಣ್ಯ_ಸ್ಟೋರ್

ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದಲ್ಲಿ ಹಿತ್ತಾಳೆ ಫಿಟಿಂಗ್ ಮತ್ತು ವಾಲ್ವ್ ಬಿಡಿಭಾಗ ಮಾಡೋ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ನಾನು ಮತ್ತು ಒಬ್ಬ ಹೆಲ್ಪರ್ ಹುಡುಗ, ಇಬ್ಬರೇ. ಒಟ್ಟು 1,180 ಐಟಂ ಇವೆ.

ಹೋದ ವರ್ಷದ ತನಕ ಮಾರ್ಚ್ ಕೊನೆಯಲ್ಲಿ ಎರಡು ದಿನ ಕೆಲಸ ನಿಲ್ಲಿಸಿ ಎಲ್ಲವನ್ನೂ ಒಟ್ಟಿಗೆ ಎಣಿಸುತ್ತಿದ್ದೆವು. ಈ ವರ್ಷ ಬೇರೆ ರೀತಿ ಮಾಡಿದೆ. ಪ್ರತಿ ಐಟಂ ವರ್ಷಕ್ಕೆ ಎಷ್ಟು ಖರ್ಚಾಯಿತು, ಅದರ ದರ ಎಷ್ಟು, ಎರಡನ್ನೂ ಗುಣಿಸಿ ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿದೆ. ವರ್ಷದ ಒಟ್ಟು ಬಳಕೆ ಸುಮಾರು 3.2 ಕೋಟಿ ರೂಪಾಯಿ ಬಂತು. ಮೇಲಿನ 94 ಐಟಂಗೇ ಮುಕ್ಕಾಲು ಪಾಲಿಗಿಂತ ಜಾಸ್ತಿ ದುಡ್ಡು ಹೋಗಿದೆ. ಅವು ಎ. ಆಮೇಲಿನ 236 ಬಿ. ಉಳಿದ 850 ಸಿ. ಎ ಪ್ರತಿ ತಿಂಗಳು, ಬಿ ಮೂರು ತಿಂಗಳಿಗೊಮ್ಮೆ, ಸಿ ವರ್ಷಕ್ಕೊಮ್ಮೆ ಎಣಿಸೋದು ಅಂತ ಏಪ್ರಿಲ್‌ನಿಂದ ಶುರು ಮಾಡಿದೆವು.

ಈಗ ತಲೆನೋವು ಏನಪ್ಪಾ ಅಂದರೆ, 20 ಎಂಎಂ ಹಿತ್ತಾಳೆ ರಾಡ್. ನಮ್ಮ ಪಟ್ಟಿಯ ಮೊದಲನೇ ಸಾಲೇ ಅದು, ಒಟ್ಟು ಬಳಕೆಯ ಐದನೇ ಒಂದು ಪಾಲು. ಪುಸ್ತಕದ ಲೆಕ್ಕಕ್ಕಿಂತ ಏಪ್ರಿಲ್‌ನಲ್ಲಿ 57 ಕೆಜಿ ಕಡಿಮೆ ಬಂತು. ಸರಿ ಅಂತ ಲೆಕ್ಕ ತಿದ್ದಿದೆವು. ಮೇನಲ್ಲಿ 75 ಕಡಿಮೆ. ಜೂನ್‌ನಲ್ಲಿ 70. ಜುಲೈನಲ್ಲಿ 81. ಕೆಜಿಗೆ 600 ರೂಪಾಯಿ ಅಂತ ಹಿಡಿದರೂ ನಾಲ್ಕು ತಿಂಗಳಿಗೆ 1.7 ಲಕ್ಷ.

ಮಾಲೀಕರಿಗೆ ಹೆಲ್ಪರ್ ಹುಡುಗನ ಮೇಲೆ ಅನುಮಾನ. ದಿನಾ ಸಂಜೆ ಗೇಟಿನಲ್ಲಿ ಅವನ ಊಟದ ಡಬ್ಬಿ ಕೂಡ ತೆಗೆಸಿ ನೋಡುತ್ತಿದ್ದಾರೆ. ನನಗೆ ನೋಡಲು ಆಗುತ್ತಿಲ್ಲ. "ಎ ಐಟಂ ವಾರಕ್ಕೊಮ್ಮೆ ಎಣಿಸು, ಕ್ಯಾಮೆರಾ ಹಾಕಿಸ್ತೀನಿ" ಅಂತಿದ್ದಾರೆ. 94 ಐಟಂ ವಾರಕ್ಕೊಮ್ಮೆ ಎಣಿಸಿದರೆ ನಾನು ಬೇರೆ ಕೆಲಸ ಮಾಡೋದು ಯಾವಾಗ? ನಿಮ್ಮಲ್ಲಿ ಹೇಗೆ ಮಾಡುತ್ತೀರಿ, ಹೇಳಿ.

ರಾಜಾಜಿನಗರ_ಹಾರ್ಡ್‌ವೇರ್

94 ಐಟಂ ಎ ಅಂದರೆ ಜಾಸ್ತಿ ಆಯಿತು ಅನ್ಸುತ್ತೆ. ಎ ಅಂದರೆ ದುಬಾರಿ ಐಟಂ ಅಲ್ವಾ? ನಮ್ಮ ಅಂಗಡಿಯಲ್ಲಿ 5,000 ರೂಪಾಯಿ ಮೇಲಿನದು ಎ, 500ರ ಮೇಲಿನದು ಬಿ, ಉಳಿದದ್ದು ಸಿ. ದುಬಾರಿ ಮಾಲು ಕೈಯಳತೆಯಲ್ಲಿ ಇಟ್ಟು ದಿನಾ ನೋಡುತ್ತೇವೆ. ಸುಲಭ.

ಪೀಣ್ಯ_ಸ್ಟೋರ್

ಇಲ್ಲ ಸರ್, ದರ ಒಂದನ್ನೇ ನೋಡಿದರೆ ನಮ್ಮಲ್ಲಿ ಎಡವಟ್ಟಾಗುತ್ತೆ. ಸ್ಪಿಂಡಲ್ ಬೇರಿಂಗ್ ಒಂದಕ್ಕೆ 38,000, ಆದರೆ ಎರಡು ವರ್ಷಕ್ಕೆ ಒಂದು ಬೇಕಾಗುತ್ತೆ. ಅದೇ ಓ-ರಿಂಗ್ ಒಂದಕ್ಕೆ 4 ರೂಪಾಯಿ. ವರ್ಷಕ್ಕೆ 1,80,000 ಹೋಗುತ್ತೆ, ಅಂದರೆ 7.2 ಲಕ್ಷ. ಓ-ರಿಂಗ್ ಎ, ಬೇರಿಂಗ್ ಸಿ.

ರಾಜಾಜಿನಗರ_ಹಾರ್ಡ್‌ವೇರ್

ಓ, ವರ್ಷದ ಬಳಕೆ ಸೇರಿಸಿ. ಹಾಗಾದರೆ ನಮ್ಮಲ್ಲಿ ಮೊಳೆ, ಸ್ಕ್ರೂ ಎಲ್ಲ ಎ ಆಗಿಬಿಡುತ್ತೆ! ಆದರೂ 38,000ದ ಬೇರಿಂಗ್ ವರ್ಷಕ್ಕೊಮ್ಮೆ ಮಾತ್ರ ನೋಡೋದು ಅಂದರೆ ನನಗೆ ಧೈರ್ಯ ಬರಲ್ಲ. ಜೇಬಲ್ಲಿ ಹಾಕಿಕೊಂಡು ಹೋಗೋ ಸೈಜ್ ಅದು.

ಬೊಮ್ಮಸಂದ್ರ_ಪ್ಲಾನಿಂಗ್

ಅದಕ್ಕೆ ವರ್ಗ ಬದಲಾಯಿಸೋದು ಬೇಡ. ಬೀಗದ ಕಪಾಟಿನಲ್ಲಿಟ್ಟು ಬೀಗದ ಕೈ ಒಬ್ಬರ ಹತ್ತಿರ ಇರಲಿ. ಕಳ್ಳತನಕ್ಕೆ ಬೀಗವೇ ಮದ್ದು.

ಮೂಲ ಪ್ರಶ್ನೆಗೆ ಬರೋಣ. ನಿಮ್ಮ ಸಂಖ್ಯೆ ಹಿಡಿದೇ ಲೆಕ್ಕ ಹಾಕುತ್ತೇನೆ. ಎ 94 ಐಟಂ, 12 ಸಲ, 1,128 ಎಣಿಕೆ. ಬಿ 236, ನಾಲ್ಕು ಸಲ, 944. ಸಿ 850, ಒಂದು ಸಲ. ಒಟ್ಟು 2,922. ವಾರಕ್ಕೆ ಆರು ದಿನ ಕೆಲಸ, ಹಬ್ಬ ಕಳೆದು ವರ್ಷಕ್ಕೆ 300 ದಿನ ಹಿಡಿಯಿರಿ. ದಿನಕ್ಕೆ 10 ಐಟಂ. ಇದರಲ್ಲಿ ಎ ನಾಲ್ಕು, ಬಿ ಮೂರು, ಸಿ ಮೂರು. ಇಬ್ಬರು ಸೇರಿದರೆ ಬೆಳಿಗ್ಗೆ ಒಂದು ಗಂಟೆ, ಒಂದೂವರೆ ಗಂಟೆ ಕೆಲಸ.

ಎ ವಾರಕ್ಕೊಮ್ಮೆ ಅಂದರೆ ಅದೊಂದೇ 94 ಸಲ 52, ಸುಮಾರು 4,900. ಮಿಕ್ಕದ್ದು ಸೇರಿದರೆ ದಿನಕ್ಕೆ 22 ಐಟಂ. ಇಬ್ಬರಿಂದ ಆಗಲ್ಲ. ಅರ್ಜೆಂಟಲ್ಲಿ ಎಣಿಸಿದರೆ ಎಣಿಕೆಯೇ ತಪ್ಪಾಗುತ್ತೆ, ಸರಿ ಇದ್ದ ಲೆಕ್ಕವನ್ನು ನೀವೇ ಕೆಡಿಸುತ್ತೀರಿ. ಇದು ನಮ್ಮಲ್ಲಿ ಆಗಿದೆ.

ಪೀಣ್ಯ_ಸ್ಟೋರ್

ದಿನಕ್ಕೆ ಹತ್ತು! ನಾನು ಎ ಎಲ್ಲವನ್ನೂ ತಿಂಗಳ ಕೊನೆಯ ಶನಿವಾರ ಒಟ್ಟಿಗೆ ಎಣಿಸುತ್ತಿದ್ದೆ. ರಾತ್ರಿ ಎಂಟಾಗುತ್ತಿತ್ತು.

ಬೊಮ್ಮಸಂದ್ರ_ಪ್ಲಾನಿಂಗ್

ಅದೇ ತಪ್ಪು. ಹಾಗೆ ಮಾಡಿದರೆ ಮಾರ್ಚ್ ಎಣಿಕೆಯನ್ನೇ ಪ್ರತಿ ತಿಂಗಳು ಮಾಡಿದಂತೆ. ದಿನಾ ಸ್ವಲ್ಪ ಸ್ವಲ್ಪ ಹಂಚಿಕೊಳ್ಳಿ. ನಾವು ಸ್ಯಾಪ್‌ನಲ್ಲಿ MIBC ಓಡಿಸಿ ವರ್ಗ ಹಾಕುತ್ತೇವೆ, MICN ಓಡಿಸಿದರೆ ಯಾವ ಐಟಂ ಎಣಿಕೆಗೆ ಬಂತು ಅಂತ ಅದೇ ಪಟ್ಟಿ ಕೊಡುತ್ತೆ. ನಿಮಗೆ ಎಕ್ಸೆಲ್ ಸಾಕು. ಎ ಕಾಲಂನಲ್ಲಿ ಐಟಂ, ಬಿ ಯಲ್ಲಿ ವರ್ಷದ ಬಳಕೆ, ಸಿ ಯಲ್ಲಿ ದರ, ಡಿ ಯಲ್ಲಿ ಗುಣಲಬ್ಧ. ಡಿ ಹಿಡಿದು ಇಳಿಕೆಯಲ್ಲಿ ಜೋಡಿಸಿದ ಮೇಲೆ ಇ ಯಲ್ಲಿ ಕೂಡುತ್ತಾ ಹೋಗುವ ಪಾಲು:

```
D2: =B2*C2
E2: =SUM($D$2:D2)/SUM($D$2:$D$1181)
```

ಇ ಕಾಲಂ 0.80 ದಾಟುವ ತನಕ ಎ, 0.95 ತನಕ ಬಿ. ಇದು ಕಲ್ಲಿನ ಮೇಲೆ ಕೆತ್ತಿದ ಗೆರೆ ಅಲ್ಲ. ನಿಮ್ಮ ಕೈಲಿ ದಿನಕ್ಕೆ ಎಷ್ಟು ಎಣಿಸಲಾಗುತ್ತೆ ನೋಡಿ ಗೆರೆಯನ್ನು ಮೇಲೆ ಕೆಳಗೆ ಮಾಡಬಹುದು.

ಇನ್ನೊಂದು ಮಾತು. ಹೊಸ ಐಟಂಗೆ ಹಳೇ ಬಳಕೆ ಇರಲ್ಲ, ಸೊನ್ನೆ ಬಂದು ಸಿ ಗೆ ಬೀಳುತ್ತೆ. ಹೊಸ ಆರ್ಡರ್‌ಗೆ ತಂದ ರಾಡ್ ತಿಂಗಳಿಗೆ ಟನ್ನುಗಟ್ಟಲೆ ಹೋಗುತ್ತಿದ್ದರೂ ವರ್ಷ ಪೂರ್ತಿ ಯಾರೂ ಎಣಿಸಲ್ಲ. ಅಂಥದ್ದಕ್ಕೆ ಮುಂದಿನ ವರ್ಷದ ಅಂದಾಜು ಬಳಕೆಯನ್ನು ಕೈಯಿಂದ ಹಾಕಿ.

ಮಲ್ಲೇಶ್ವರಂ_ಫಾರ್ಮಸಿ

ನಾನು ಆಸ್ಪತ್ರೆಯ ಔಷಧ ವಿಭಾಗದಲ್ಲಿದ್ದೇನೆ. ನಿಮ್ಮ ಚರ್ಚೆ ನೋಡಿ ಒಂದು ಅನುಮಾನ ಬಂತು. ಬಳಕೆಯ ಬೆಲೆ ನೋಡಿಯೇ ಎಣಿಕೆ ಅಂದರೆ ಅಡ್ರಿನಲಿನ್ ಇಂಜೆಕ್ಷನ್ ಕಥೆ ಏನು? ಅದು ಕಡಿಮೆ ಬೆಲೆಯದ್ದು, ಬಳಕೆಯೂ ಕಡಿಮೆ. ನಿಮ್ಮ ಲೆಕ್ಕದಲ್ಲಿ ಸಿ. ವರ್ಷಕ್ಕೊಮ್ಮೆ ಎಣಿಸಿದರೆ ರೋಗಿಯ ಪ್ರಾಣ ಹೋಗುತ್ತೆ. ತುರ್ತು ಟ್ರಾಲಿಯಲ್ಲಿರುವುದನ್ನು ನಾವು ಪ್ರತಿ ಶಿಫ್ಟ್‌ನಲ್ಲೂ ನೋಡುತ್ತೇವೆ. ಎಕ್ಸ್‌ಪೈರಿ ದಿನಾಂಕ ಇರೋದಕ್ಕೆ ಎಣಿಕೆ ಹೇಗೆ ಇಡಬೇಕು ಅಂತ ಯಾರಾದರೂ ಹೇಳುತ್ತೀರಾ?

ಹಳೇ_ಲೇತ್

ಮೇಡಂ, ನೀವು ಹೇಳಿದ್ದು ಸರಿ. ಹಣದ ವರ್ಗ ಬೇರೆ, ಇಲ್ಲದಿದ್ದರೆ ಕೆಲಸ ನಿಲ್ಲುತ್ತಾ ಅನ್ನೋ ವರ್ಗ ಬೇರೆ. ಎರಡನ್ನೂ ಪಕ್ಕ ಪಕ್ಕ ಬರೆದುಕೊಳ್ಳಬೇಕು. ನಮ್ಮಲ್ಲೂ 3 ರೂಪಾಯಿ ಸರ್ಕ್ಲಿಪ್ ಇಲ್ಲದೆ ಒಂದು ದಿನ ಅಸೆಂಬ್ಲಿ ನಿಂತಿತ್ತು. ಪುಸ್ತಕದಲ್ಲಿ 2,400 ಇತ್ತು, ಬಿನ್‌ನಲ್ಲಿ ಒಂದೂ ಇರಲಿಲ್ಲ. ಎಕ್ಸ್‌ಪೈರಿ ವಿಷಯ ನಮ್ಮ ಕಸುಬಲ್ಲ, ಗೊತ್ತಿರೋರು ಹೇಳಲಿ.

ಪೀಣ್ಯದ ತಮ್ಮ, ನಿನ್ನ ಹಿತ್ತಾಳೆ ವಿಷಯಕ್ಕೆ ಬರುತ್ತೇನೆ. ನಾನು ಲೇತ್ ಮೇಲೆ 14 ವರ್ಷ, ಆಮೇಲೆ ಸ್ಟೋರ್‌ನಲ್ಲಿ 20 ವರ್ಷ ಕಳೆದವನು. ಎಣಿಕೆಯಿಂದ ಕಡಿಮೆ ಇದೆ ಅಂತ ಗೊತ್ತಾಗುತ್ತೆ, ಯಾಕೆ ಕಡಿಮೆ ಅಂತ ಗೊತ್ತಾಗಲ್ಲ. ನೀನು ನಾಲ್ಕು ಸಲ ಎಣಿಸಿದೆ, ನಾಲ್ಕು ಸಲವೂ ಲೆಕ್ಕ ತಿದ್ದಿ ಮುಂದೆ ಹೋದೆ. ತಿದ್ದೋ ಮುಂಚೆ ಕೂತು ಯೋಚನೆ ಮಾಡಬೇಕಿತ್ತು. ಮೂರು ವಿಷಯ ಹೇಳು. ರಾಡ್ ಬಂದಾಗ ಯಾವ ಲೆಕ್ಕದಲ್ಲಿ ತಗೋತೀಯಾ? ಕೊಡುವಾಗ ಯಾವ ಲೆಕ್ಕದಲ್ಲಿ ಕೊಡ್ತೀಯಾ? ಎಣಿಸುವಾಗ ಹೇಗೆ ಎಣಿಸ್ತೀಯಾ? ಜೊತೆಗೆ ಆ ನಾಲ್ಕು ತಿಂಗಳು ಎಷ್ಟೆಷ್ಟು ರಾಡ್ ಕೊಟ್ಟೆ ಅನ್ನೋದನ್ನೂ ಹಾಕು.

ದಾಸರಹಳ್ಳಿ_ಸಿಎನ್‌ಸಿ

ರಾಡ್ ಕತ್ತರಿಸುವಾಗ ಕೊನೆಯ ತುಂಡು ಉಳಿಯುತ್ತಲ್ಲ, ಅದರಲ್ಲೇ ಹೋಗಿರುತ್ತೆ ಗುರು. ನಮ್ಮಲ್ಲಿ ಬಾರ್ ಫೀಡರ್‌ನಲ್ಲಿ ರಾಡಿಗೆ ಒಂದು ಗೇಣು ಉಳಿಯುತ್ತೆ. ಜೊತೆಗೆ ಹಿತ್ತಾಳೆ ಚೂರು. ಅದಕ್ಕೆ ಒಳ್ಳೇ ರೇಟ್ ಇದೆ, ಸ್ಕ್ರ್ಯಾಪ್ ತೂಗೋ ಕಡೆ ನೋಡಿ.

ಹಳೇ_ಲೇತ್

ತುಂಡು, ಚೂರು ಎಲ್ಲ ರಾಡ್ ಸ್ಟೋರ್ ಬಿಟ್ಟ ಮೇಲಿನ ಮಾತು. ಸ್ಟೋರ್‌ನಿಂದ ರಾಡ್ ಪೂರ್ತಿ ಖರ್ಚು ಬಿದ್ದು ಆಚೆ ಹೋಗಿದೆ. ಕಡಿಮೆ ಬಂದಿರೋದು ಸ್ಟೋರ್ ಒಳಗಿರೋ ರಾಡ್. ಸ್ಕ್ರ್ಯಾಪಲ್ಲಿ ಕಳ್ಳತನ ಆದರೂ ಆ ಲೆಕ್ಕ ಇಲ್ಲಿ ಕಾಣಿಸಲ್ಲ.

ಪೀಣ್ಯ_ಸ್ಟೋರ್

ಅಣ್ಣ, ಬಂದಾಗ ನೆಲದ ತಕ್ಕಡಿ ಮೇಲೆ ತೂಗಿ ಕೆಜಿ ಲೆಕ್ಕದಲ್ಲಿ ಜಿಆರ್‌ಎನ್ ಹಾಕುತ್ತೇನೆ. ಸಪ್ಲೈಯರ್ ಬಿಲ್ ಜೊತೆ ಸರಿಯಾಗಿ ಕೂಡುತ್ತೆ, ಒಂದೆರಡು ಕೆಜಿ ವ್ಯತ್ಯಾಸ ಅಷ್ಟೇ. ತಿಂಗಳ ಎಣಿಕೆಯಲ್ಲೂ ಅದೇ ತಕ್ಕಡಿ ಮೇಲೆ ಉಳಿದ ಕಟ್ಟುಗಳನ್ನು ತೂಗುತ್ತೇನೆ. ಕೊಡುವಾಗ ಮಾತ್ರ ರಾಡ್ ಲೆಕ್ಕ. ಸ್ಲಿಪ್‌ನಲ್ಲಿ "6 ರಾಡ್" ಅಂತ ಬರೆದಿರುತ್ತಾರೆ, ನಾನು ಸಾಫ್ಟ್‌ವೇರ್‌ನಲ್ಲಿ 6 ಹಾಕಿದರೆ ಅದೇ ಕೆಜಿ ಮಾಡಿ ಕಳೆಯುತ್ತೆ. ಮೂರು ಮೀಟರ್ ರಾಡಿಗೆ 7.41 ಕೆಜಿ ಅಂತ ಇದೆ.

ಕೊಟ್ಟ ರಾಡ್: ಏಪ್ರಿಲ್ 97, ಮೇ 123, ಜೂನ್ 118, ಜುಲೈ 133.

ಹಳೇ_ಲೇತ್

ಕಡಿಮೆ ಬಂದ ಕೆಜಿಯನ್ನು ಕೊಟ್ಟ ರಾಡಿನಿಂದ ಭಾಗಿಸಿ ನೋಡು. 57 ಭಾಗ 97, 0.59. 75 ಭಾಗ 123, 0.61. 70 ಭಾಗ 118, 0.59. 81 ಭಾಗ 133, 0.61.

ಕದಿಯೋನು ಹೀಗೆ ಕದಿಯಲ್ಲಪ್ಪ. ರಾಡ್ ಕೊಟ್ಟಷ್ಟಕ್ಕೆ ಸರಿಯಾಗಿ ಅಳೆದು, ರಾಡಿಗೆ 600 ಗ್ರಾಂ ಅಂತ ಯಾರು ಒಯ್ಯುತ್ತಾರೆ? ಮೂರು ಮೀಟರ್ ರಾಡನ್ನು ಊಟದ ಡಬ್ಬಿಯಲ್ಲಿ ಒಯ್ಯೋಕಾಗುತ್ತಾ?

ಆ 7.41 ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಪೀಣ್ಯದಲ್ಲಿ ಯಾರನ್ನು ಕೇಳಿದರೂ ರಾಡಿನ ತೂಕಕ್ಕೆ ಬಾಯಲ್ಲೇ ಲೆಕ್ಕ ಇದೆ, ಡಿ ಸ್ಕ್ವೇರ್ ಬೈ 162. 20ರ ವರ್ಗ 400, ಭಾಗ 162, ಮೀಟರಿಗೆ 2.47 ಕೆಜಿ. ಮೂರು ಮೀಟರಿಗೆ 7.41. ಆದರೆ 162 ಇರೋದು ಉಕ್ಕಿಗೆ. ಹಿತ್ತಾಳೆ ಉಕ್ಕಿಗಿಂತ ಭಾರ. ಹಿತ್ತಾಳೆಗೆ 150ರಿಂದ ಭಾಗಿಸಬೇಕು. 400 ಭಾಗ 150, 2.67. ಮೂರು ಮೀಟರಿಗೆ 8 ಕೆಜಿ. ನಿನ್ನ ರಾಡಿಗೆ 600 ಗ್ರಾಂ ಸಿಕ್ಕಿತು ನೋಡು.

ಸಾಫ್ಟ್‌ವೇರ್ ಹಾಕಿಸಿದ ದಿನ ಯಾರೋ ಎಲ್ಲಾ ರಾಡಿಗೂ ಒಂದೇ ಲೆಕ್ಕ ಹಾಕಿದ್ದಾರೆ. ನಾಳೆ ಹತ್ತು ರಾಡ್ ತೂಗಿ ಹೇಳು. ಒಂದೇ ರಾಡ್ ತೂಗಬೇಡ, ಆ ತಕ್ಕಡಿಯಲ್ಲಿ ಒಂದು ರಾಡಿಗೆ ಸರಿಯಾದ ತೂಕ ಸಿಗಲ್ಲ.

ಬೊಮ್ಮಸಂದ್ರ_ಪ್ಲಾನಿಂಗ್

ಅಬ್ಬಾ. ನಾನು ಎಷ್ಟು ಸಲ ಎಣಿಸಬೇಕು ಅಂತಲೇ ನೋಡುತ್ತಿದ್ದೆ. ವ್ಯತ್ಯಾಸವನ್ನು ಬಳಕೆಯಿಂದ ಭಾಗಿಸಿ ನೋಡೋದು ನನಗೆ ಹೊಳೆಯಲೇ ಇಲ್ಲ.

ದಾಸರಹಳ್ಳಿ_ಸಿಎನ್‌ಸಿ

ನಮ್ಮಲ್ಲೂ ಹಿತ್ತಾಳೆಗೆ 162 ಹಾಕಿರಬಹುದು. ನಾಳೆ ನೋಡುತ್ತೇನೆ.

ಲೆಕ್ಕಪತ್ರ_ಜಯನಗರ

ಆಡಿಟ್ ಕಡೆಯಿಂದ ಒಂದು ಮಾತು. ನಾನು ಸಿಎ. ಕಂಪನಿಗೆ ಕಾರೋ 2020 ಅನ್ನೋ ಆಡಿಟ್ ವರದಿಯ ಆದೇಶ ಅನ್ವಯಿಸುತ್ತಿದ್ದರೆ, ಆಡಳಿತ ಸರಿಯಾದ ಅಂತರದಲ್ಲಿ ದಾಸ್ತಾನು ಎಣಿಸಿದೆಯಾ ಅಂತ ನಾವು ವರದಿಯಲ್ಲಿ ಹೇಳಬೇಕು. ಯಾವುದೇ ಬಗೆಯ ದಾಸ್ತಾನಿನಲ್ಲಿ ಒಟ್ಟು 10% ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂದಿದ್ದರೆ, ಅದನ್ನು ಲೆಕ್ಕದಲ್ಲಿ ಸರಿಯಾಗಿ ತೋರಿಸಿದ್ದಾರಾ ಅಂತಲೂ ಹೇಳಬೇಕು. ಸಣ್ಣ ಖಾಸಗಿ ಕಂಪನಿಗಳಲ್ಲಿ ಹಲವಕ್ಕೆ ಅದರಿಂದ ವಿನಾಯಿತಿ ಇದೆ. ಆದರೂ ದಿನಾ ಎಣಿಕೆಯ ಹಾಳೆಗಳನ್ನು ಸಹಿ ಹಾಕಿಸಿ ಇಟ್ಟುಕೊಳ್ಳಿ. ಮಾರ್ಚ್‌ನಲ್ಲಿ ಎರಡು ದಿನ ಕಾರ್ಖಾನೆ ಮುಚ್ಚೋ ಬದಲು ಅವನ್ನು ಆಧಾರ ಅಂತ ತೋರಿಸಬಹುದು. ಇದನ್ನು ನಿಮ್ಮ ಆಡಿಟರ್ ಜೊತೆ ಮೊದಲೇ ಮಾತಾಡಿಕೊಳ್ಳಿ. ಕೆಲವರು ವರ್ಷಾಂತ್ಯದ ಎಣಿಕೆಯನ್ನು ಬಿಡಲು ಒಪ್ಪಲ್ಲ.

ಪೀಣ್ಯ_ಸ್ಟೋರ್

ಬೆಳಿಗ್ಗೆ 7:40ಕ್ಕೆ ಹೋಗಿ ತೂಗಿದೆ. ಮಾಲೀಕರನ್ನೂ ಕರೆದು ನಿಲ್ಲಿಸಿಕೊಂಡಿದ್ದೆ. ಹುಡುಗ ಒಂದೊಂದೇ ರಾಡ್ ಎತ್ತಿ ಇಟ್ಟ. ಹತ್ತು ರಾಡ್, 80 ಕೆಜಿ 100 ಗ್ರಾಂ. ರಾಡಿಗೆ 8.01.

ಮಾಲೀಕರು ತುಂಬ ಹೊತ್ತು ತಕ್ಕಡಿಯನ್ನೇ ನೋಡುತ್ತಾ ನಿಂತರು. ಆಮೇಲೆ ಕ್ಯಾಲ್ಕುಲೇಟರ್ ತೆಗೆದು ತಾವೇ ಭಾಗಿಸಿದರು. "ಇವತ್ತಿಂದ ಗೇಟಲ್ಲಿ ಅವನನ್ನ ನಿಲ್ಲಿಸಬೇಡಿ" ಅಂತ ಸೆಕ್ಯೂರಿಟಿಗೆ ಹೇಳಿಸಿದರು. ಹುಡುಗ ಏನೂ ಮಾತಾಡಲಿಲ್ಲ. ಮಧ್ಯಾಹ್ನ ನಾನೇ ಅವನ ಜೊತೆ ಕೂತು ಊಟ ಮಾಡಿದೆ. ಅಣ್ಣ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ.

ಇನ್ನೊಂದು ಸಿಕ್ಕಿತು. 12 ಮತ್ತು 16 ಎಂಎಂ ಹಿತ್ತಾಳೆ ರಾಡಿಗೂ ಅದೇ 162 ಹಾಕಿದ್ದಾರೆ. ಅವು ಬಿ ವರ್ಗ. ಜೂನ್‌ನಲ್ಲಿ ಒಂದೇ ಸಲ ಎಣಿಸಿದ್ದೆ, ಆಗಲೂ ಕಡಿಮೆ ಬಂದಿತ್ತು. ತೂಗುವಾಗ ತಪ್ಪಾಗಿರಬೇಕು ಅಂದುಕೊಂಡು ತಿದ್ದಿ ಬಿಟ್ಟಿದ್ದೆ.

ಹಳೇ_ಲೇತ್

ಸಂತೋಷ ಆಯಿತಪ್ಪ. ಆ ಹುಡುಗನ ವಿಷಯ ಮೊದಲು ಬಗೆಹರಿದದ್ದೇ ದೊಡ್ಡದು.

ಎ ಐಟಂ ಪದೇ ಪದೇ ಎಣಿಸೋದು ಯಾಕೆ ಅಂತ ಈಗ ನಿನಗೇ ಗೊತ್ತಾಯಿತು. 16 ಎಂಎಂ ರಾಡನ್ನು ಒಂದು ಸಲ ಎಣಿಸಿದೆ, ಒಂದು ಸಂಖ್ಯೆ ಸಿಕ್ಕಿತು. ಒಂದು ಸಂಖ್ಯೆ ನೋಡಿ ಏನೂ ಹೇಳೋಕಾಗಲ್ಲ. 20 ಎಂಎಂ ನಾಲ್ಕು ಸಲ ಎಣಿಸಿದೆ, ನಾಲ್ಕೂ ಒಂದೇ ಕಡೆ ವಾಲಿದವು. ಸಂಖ್ಯೆ ಹೇಗೆ ಬರುತ್ತಿದೆ ನೋಡಿದರೆ ಕಾರಣದ ಜಾಡು ಸಿಗುತ್ತೆ. ಪ್ರತಿ ಸಲ ಬಳಕೆಗೆ ತಕ್ಕ ಹಾಗೆ ಕಡಿಮೆ ಬಂದರೆ ಅಳತೆಯದ್ದೋ ಪರಿವರ್ತನೆಯದ್ದೋ ತಪ್ಪು. ಒಂದು ತಿಂಗಳು ಕಡಿಮೆ, ಮುಂದಿನ ತಿಂಗಳು ಅಷ್ಟೇ ಜಾಸ್ತಿ ಬಂದರೆ ಸ್ಲಿಪ್ ತಡವಾಗಿ ಬರುತ್ತಿದೆ ಅಂತ ಅರ್ಥ. ಆರು ತಿಂಗಳು ಸರಿ ಇದ್ದು ಒಂದು ದಿನ ದಿಢೀರ್ ಅಂತ ಒಂದು ಕಟ್ಟೇ ಇಲ್ಲ ಅಂದರೆ, ಆಗ ಎಂಟ್ರಿ ಬಿಟ್ಟುಹೋಗಿದೆಯಾ, ಜಾಬ್ ವರ್ಕ್‌ಗೆ ಹೋದ ಮಾಲಿನ ಚಲನ್ ಎಲ್ಲಿ ಅಂತ ಹುಡುಕು. ಕಳ್ಳತನ ಅನ್ನೋ ಮಾತು ಎಲ್ಲ ಹುಡುಕಿದ ಮೇಲೆ.

ಸ್ಲಿಪ್ ವಿಷಯಕ್ಕೆ ನೆನಪಾಯಿತು. ನಮ್ಮಲ್ಲಿ ರಾತ್ರಿ ಶಿಫ್ಟ್ ಸೂಪರ್‌ವೈಸರ್ ಇನ್ಸರ್ಟ್ ತಗೊಂಡು ಸ್ಲಿಪ್ ಜೇಬಲ್ಲೇ ಇಟ್ಟುಕೊಂಡು ಮನೆಗೆ ಹೋಗುತ್ತಿದ್ದ, ಬೆಳಿಗ್ಗೆ ನಾವು ಎಣಿಸಿ ಕಡಿಮೆ ಅಂತ ತಿದ್ದುತ್ತಿದ್ದೆವು. ಸಂಜೆ ಅವನು ಬಂದು ಸ್ಲಿಪ್ ಕೊಡುತ್ತಿದ್ದ, ಅದನ್ನೂ ಎಂಟ್ರಿ ಮಾಡುತ್ತಿದ್ದೆವು. ಒಂದೇ ಮಾಲು ಎರಡು ಸಲ ಕಳೆದಂತಾಯಿತು. ಮುಂದಿನ ತಿಂಗಳು ಅಷ್ಟೇ ಜಾಸ್ತಿ ಬರುತ್ತಿತ್ತು. ಅದಕ್ಕೇ ಶಿಫ್ಟ್ ಶುರುವಾಗೋ ಮುಂಚೆ ಎಣಿಸಬೇಕು, ಎಣಿಸೋ ಮುಂಚೆ ರಾತ್ರಿಯ ಸ್ಲಿಪ್ ಎಲ್ಲ ಎಂಟ್ರಿ ಆಗಿರಬೇಕು.

ಬೊಮ್ಮಸಂದ್ರ_ಪ್ಲಾನಿಂಗ್

ಇದಕ್ಕೆ ಒಂದು ಸೇರಿಸುತ್ತೇನೆ. ಎಣಿಸೋನ ಕೈಯಲ್ಲಿರೋ ಹಾಳೆಯಲ್ಲಿ ಪುಸ್ತಕದ ಸ್ಟಾಕ್ ಎಷ್ಟು ಅಂತ ಇರಬಾರದು. ಐಟಂ ಹೆಸರು, ಬಿನ್ ನಂಬರ್ ಸಾಕು. "240" ಅಂತ ಮೊದಲೇ ಅಚ್ಚಾಗಿದ್ದರೆ 231 ಎಣಿಸಿದವನೂ ತನ್ನದೇ ತಪ್ಪಿರಬೇಕು ಅಂತ 240 ಬರೆಯುತ್ತಾನೆ.

ಲೆಕ್ಕ ತಿದ್ದೋ ಮುಂಚೆ ಇನ್ನೊಬ್ಬರು ಮತ್ತೊಮ್ಮೆ ಎಣಿಸಲಿ. ವ್ಯತ್ಯಾಸ ಎಷ್ಟಿದ್ದರೆ ಬಿಡಬಹುದು ಅನ್ನೋದಕ್ಕೂ ವರ್ಗಕ್ಕೊಂದು ಮಿತಿ ಇಟ್ಟುಕೊಳ್ಳಿ. ನಾವು ಎ ಗೆ 0.2%, ಬಿ ಗೆ 1%, ಸಿ ಗೆ 5% ಇಟ್ಟಿದ್ದೇವೆ. ತೂಗಿ ಎಣಿಸೋ ರಾಡಿಗೆ 0.2% ಹಿಡಿಯೋದು ಕಷ್ಟ, ತಕ್ಕಡಿಯ ತಪ್ಪೇ ಅಷ್ಟಿರುತ್ತೆ. ಅಂಥದ್ದಕ್ಕೆ ಸಡಿಲ ಮಾಡಿಕೊಳ್ಳಿ.

ರಾಜಾಜಿನಗರ_ಹಾರ್ಡ್‌ವೇರ್

ಕಾರಣ ಸಿಕ್ಕಿತಲ್ಲ, ಇನ್ನು ಈ ರಾಡ್ ಪ್ರತಿ ತಿಂಗಳು ಎಣಿಸೋದು ಯಾಕೆ? ಬಿಟ್ಟುಬಿಡಿ.

ಬೊಮ್ಮಸಂದ್ರ_ಪ್ಲಾನಿಂಗ್

ಬೇಡ. ಸರಿ ಆಯಿತಾ ಅಂತ ನೋಡೋಕಾದರೂ ಇನ್ನು ಮೂರು ತಿಂಗಳು ಎಣಿಸಬೇಕು. ಸೊನ್ನೆಯ ಆಚೆ ಈಚೆ ಬಂದರೆ ಸರಿಯಾಗಿದೆ. ಆಮೇಲೂ ನಾನಾದರೆ ತಿಂಗಳಿಗೊಮ್ಮೆ ಬಿಡಲ್ಲ.

ಹಳೇ_ಲೇತ್

ಮೂರು ತಿಂಗಳು ಎಣಿಸಲಿ, ಒಪ್ಪುತ್ತೇನೆ. ಆಮೇಲೆ ಎರಡು ತಿಂಗಳಿಗೊಮ್ಮೆ ಸಾಕು ಅನ್ನೋನು ನಾನು. ಅಲ್ಲಿ ಉಳಿದ ಸಮಯದಲ್ಲಿ ಸರ್ಕ್ಲಿಪ್ ಥರದ್ದನ್ನು ನೋಡಬಹುದು.

ಬೊಮ್ಮಸಂದ್ರ_ಪ್ಲಾನಿಂಗ್

ವರ್ಷಕ್ಕೆ 60, 70 ಲಕ್ಷದ ಮಾಲು ಸರ್ ಅದು. ಎರಡು ತಿಂಗಳು ಕಣ್ಣು ಬಿಟ್ಟರೆ 12 ಲಕ್ಷದ ವಹಿವಾಟು ನೋಡದೆ ಹೋಗುತ್ತೆ. ನಾನು ಒಪ್ಪಲ್ಲ.

ಹಳೇ_ಲೇತ್

ಸ್ಟೋರ್ ಅವನದ್ದು, ಅವನೇ ನೋಡಿ ತೀರ್ಮಾನ ಮಾಡಲಿ. ಸಿ ಐಟಂಗೆ ಇನ್ನೊಂದು ಸುಲಭದ ದಾರಿ ಇದೆ. ಬಿನ್ ಖಾಲಿಯಾಗೋ ಹೊತ್ತಿಗೆ, ಹೊಸ ಮಾಲು ಸುರಿಯೋ ಮುಂಚೆ ಎಣಿಸು. 3,000 ವಾಷರ್ ಎಣಿಸೋದೂ ಒಂದೇ ಸಲ, 40 ವಾಷರ್ ಎಣಿಸೋದೂ ಒಂದೇ ಸಲ. 40 ಎಣಿಸೋಕೆ ಒಂದು ನಿಮಿಷ, ತಪ್ಪೂ ಆಗಲ್ಲ. ಕ್ಯಾಲೆಂಡರ್ ನೋಡಿ ತುಂಬಿದ ಬಿನ್ ಎಣಿಸೋದು ಸುಮ್ನೆ ದಂಡ.

ದಾಸರಹಳ್ಳಿ_ಸಿಎನ್‌ಸಿ

ನೋಡಿದೆ. ನಮ್ಮಲ್ಲಿ ಹಿತ್ತಾಳೆ ಸರಿ ಇದೆ, 150. ಆದರೆ ಅಲ್ಯೂಮಿನಿಯಂ ರಾಡಿಗೆ 162 ಹಾಕಿದ್ದಾರೆ! ಅದು ಉಕ್ಕಿನ ಮೂರನೇ ಒಂದು ಭಾಗ ಭಾರ. ಪುಸ್ತಕದಲ್ಲಿ ಸ್ಟಾಕ್ ಬೇಗ ಮುಗಿದುಹೋಗುತ್ತಿತ್ತು, ರ‍್ಯಾಕ್‌ನಲ್ಲಿ ಮಾಲು ಇರುತ್ತಿತ್ತು. ಜಾಸ್ತಿ ಇದೆಯಲ್ಲ ಅಂತ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಎರಡು ಸಲ ಬೇಡದೇ ಇದ್ದ ರಾಡಿಗೆ ಆರ್ಡರ್ ಹಾಕಿದ್ದೇವೆ.

ಲೆಕ್ಕಪತ್ರ_ಜಯನಗರ

ಪೀಣ್ಯದವರೇ, ಒಂದು ಮುಖ್ಯ ವಿಷಯ ಯಾರೂ ಹೇಳಲಿಲ್ಲ. ಆ 1.7 ಲಕ್ಷದ ಹಿತ್ತಾಳೆ ಎಲ್ಲೂ ಕಳೆದುಹೋಗಿಲ್ಲ, ನಿಮ್ಮ ಪೀಸ್‌ಗಳಲ್ಲೇ ಹೋಗಿದೆ. ಹಾಗಾದರೆ ಗ್ರಾಹಕರಿಗೆ ದರ ಕೊಡುವಾಗ ಒಂದು ಪೀಸ್‌ಗೆ ಎಷ್ಟು ಹಿತ್ತಾಳೆ ಅಂತ ಲೆಕ್ಕ ಹಾಕಿದ್ದೀರಿ? ಅದಕ್ಕೂ ಇದೇ 7.41 ಹಿಡಿದಿದ್ದರೆ ಪ್ರತಿ ಪೀಸ್‌ನಲ್ಲೂ ಹಿತ್ತಾಳೆಯ ಖರ್ಚು ಸುಮಾರು 7.5% ಕಡಿಮೆ ತೋರಿಸಿದ್ದೀರಿ. ನಿಜವಾದ ನಷ್ಟ ಅಲ್ಲಿರುತ್ತೆ.

ಪೀಣ್ಯ_ಸ್ಟೋರ್

ಮೇಡಂ, ಮಾಲೀಕರಿಗೆ ಇದನ್ನು ಓದಿ ಹೇಳಿದೆ. ಕೊಟೇಶನ್ ಫೈಲ್ ತೆಗೆದು ನೋಡಿದರು. ಎರಡು ಪಾರ್ಟ್‌ಗೆ ಸಾಫ್ಟ್‌ವೇರ್ ತೂಕವನ್ನೇ ಹಿಡಿದಿದ್ದಾರೆ. ಉಳಿದದ್ದಕ್ಕೆ ಹಳೇ ಫೋರ್‌ಮನ್ ತೂಗಿ ಬರೆದ ಲೆಕ್ಕ ಇದೆ, ಅದು ಸರಿ ಇದೆ. ಆ ಎರಡು ಪಾರ್ಟ್‌ಗೆ ದರ ಏರಿಸಿ ಅಂತ ಗ್ರಾಹಕರನ್ನು ಈಗ ಹೇಗೆ ಕೇಳೋದು ಅಂತ ಯೋಚನೆ ಮಾಡುತ್ತಿದ್ದಾರೆ.

ಸೋಮವಾರದಿಂದ ದಿನಕ್ಕೆ ಹತ್ತು ಐಟಂ ಶುರು ಮಾಡುತ್ತಿದ್ದೇನೆ, ಬೆಳಿಗ್ಗೆ 7:30ಕ್ಕೆ. ಹುಡುಗ ಎಣಿಸುತ್ತಾನೆ, ನಾನು ಎಂಟ್ರಿ ನೋಡುತ್ತೇನೆ. ಓ-ರಿಂಗ್ ಒಂದೇ ಉಳಿದಿದೆ. ಎ ವರ್ಗ, ಬಿನ್‌ನಲ್ಲಿ ಯಾವಾಗಲೂ 20,000 ಇರುತ್ತೆ, ಕೈಯಲ್ಲಿ ಎಣಿಸೋಕಾಗಲ್ಲ. ಹತ್ತು ರಿಂಗ್ ತೂಗಿ ಅದರ ಮೇಲೆ ಲೆಕ್ಕ ಹಾಕುತ್ತಿದ್ದೇನೆ. ಪ್ರತಿ ಸಲ ಆರೇಳು ನೂರು ಜಾಸ್ತಿ ತೋರಿಸುತ್ತೆ.

ಹಳೇ_ಲೇತ್

ನಿನ್ನ ಸಣ್ಣ ತಕ್ಕಡಿ ಒಂದು ಗ್ರಾಂ ಲೆಕ್ಕದ್ದಾ?

ಪೀಣ್ಯ_ಸ್ಟೋರ್

ಹೌದು ಅಣ್ಣ. ಹತ್ತು ರಿಂಗಿಗೆ 3 ಗ್ರಾಂ ತೋರಿಸುತ್ತೆ. ಬಿನ್ ಪೂರ್ತಿ 6 ಕೆಜಿ 200.

ಹಳೇ_ಲೇತ್

ಅಲ್ಲೇ ಇದೆ ನೋಡು. ಹತ್ತು ರಿಂಗ್ 3.1 ಗ್ರಾಂ ಇದ್ದರೂ ಅದು 3 ಅಂತಲೇ ತೋರಿಸುತ್ತೆ. 6,200 ಭಾಗ 0.30 ಮಾಡಿದರೆ 20,667. 0.31ರಿಂದ ಭಾಗಿಸಿದರೆ ಸರಿಯಾಗಿ 20,000. ಹತ್ತು ಬೇಡ, ಇನ್ನೂರು ಎಣಿಸಿ ತೂಗು, ಅದನ್ನು ಹಿಡಿದು ಲೆಕ್ಕ ಹಾಕು. ಹೊಸ ಲಾಟ್ ಬಂದಾಗ ಮತ್ತೆ ಇನ್ನೂರು ತೂಗು, ರಬ್ಬರ್ ಲಾಟಿಂದ ಲಾಟಿಗೆ ತೂಕ ಬದಲಾಗುತ್ತೆ. ಬಿನ್‌ನ ಡಬ್ಬಿ ತೂಕ ಕಳೆದಿದ್ದೀಯಾ ಅಂತಲೂ ನೋಡಿಕೋ.

ಮಲ್ಲೇಶ್ವರಂ_ಫಾರ್ಮಸಿ

ನನ್ನ ಎಕ್ಸ್‌ಪೈರಿ ಪ್ರಶ್ನೆ ಹಾಗೇ ಉಳಿಯಿತು. ಬೇರೆ ಚರ್ಚೆ ಶುರು ಮಾಡುತ್ತೇನೆ, ಗೊತ್ತಿರೋರು ದಯವಿಟ್ಟು ಅಲ್ಲಿಗೆ ಬನ್ನಿ.

ಪೀಣ್ಯ_ಸ್ಟೋರ್

ಡಬ್ಬಿ ತೂಕ ಕಳೆದಿದ್ದೇನೆ ಅಣ್ಣ. ಇನ್ನೂರು ರಿಂಗ್ ಈಗ ತಾನೇ ಎಣಿಸಿ ತೂಗಿದೆವು. 62 ಗ್ರಾಂ.